ಲೈಟ್ ಉರೀತಿದೆ, ಆದ್ರೆ ಗೇಮ್ ಓಡ್ತಿಲ್ಲ: ಪಿಎಸ್5 ಮತ್ತು ಹೊರಗಿನ ಹಾರ್ಡ್ ಡಿಸ್ಕ್

ಒಂದು ಭಾನುವಾರ ದಾವಣಗೆರೆಯಿಂದ ಅಕ್ಕನ ಮಗ ಫೋನ್ ಮಾಡಿದ. "ಮಾಮ, ಪಿಎಸ್5ಗೆ ಹಾರ್ಡ್ ಡಿಸ್ಕ್ ಹಾಕಿದೀನಿ. ಲೈಟ್ ಉರೀತಿದೆ, ಒಳಗೆ ತಿರುಗೋ ಸದ್ದೂ ಬರ್ತಿದೆ. ಆದ್ರೆ ಗೇಮ್ ಇಡೋಕೆ ಬಿಡ್ತಾ ಇಲ್ಲ. ಡಿಸ್ಕ್ ಹಾಳಾಗಿದೆ ಅನ್ಸುತ್ತೆ, ಹೊಸದು ತಗೊಳ್ಲಾ?"

ತಗೋಬೇಡ, ಸ್ವಲ್ಪ ತಡಿ ಅಂದೆ. ಲೈಟ್ ಉರಿದು, ಸದ್ದು ಒಂದೇ ಸಮ ಬರ್ತಿದ್ರೆ ಡಿಸ್ಕ್ ಹಾಳಾಗಿರುವ ಸಾಧ್ಯತೆ ಕಡಿಮೆ. ಇಂಥ ದೂರು ಬಂದಾಗ ನಾನು ಮೊದಲು ಎರಡು ಪ್ರಶ್ನೆಗಳನ್ನು ಬೇರೆ ಮಾಡ್ತೀನಿ. ಕನ್ಸೋಲ್ ಆ ಡಿಸ್ಕನ್ನು ಗೇಮ್ ಇಡುವ ಜಾಗ ಅಂತ ಒಪ್ಪಿಕೊಂಡಿದೆಯಾ? ಒಪ್ಪಿಕೊಂಡಿದ್ರೆ, ಆ ಗೇಮ್ ಅಲ್ಲಿಂದ ಓಡೋಕೆ ಅನುಮತಿ ಇರುವಂಥದ್ದಾ? ಎರಡೂ ಒಂದೇ ತೊಂದರೆ ಥರ ಕಾಣುತ್ತವೆ, ಆದರೆ ಕಾರಣ ಬೇರೆ, ಪರಿಹಾರವೂ ಬೇರೆ. ಇವೆರಡನ್ನು ಬೆರೆಸಿಕೊಂಡೇ ಜನ ಸುಮ್ನೆ ಹೊಸ ಡಿಸ್ಕ್ ಕೊಳ್ತಾರೆ.

ಮೊದಲನೆಯದರಿಂದ ಶುರು ಮಾಡೋಣ. "ಎಲ್ಲಿ ಹಾಕಿದೀಯ?" ಅಂತ ಕೇಳಿದೆ. "ಮುಂದೆ, ಕಂಟ್ರೋಲರ್ ಚಾರ್ಜ್ ಮಾಡ್ತೀವಲ್ಲ, ಅಲ್ಲಿ" ಅಂದ.

ಅಲ್ಲೇ ಇತ್ತು ಮೊದಲ ಅಡ್ಡಿ. ಅವನ ಹತ್ತಿರ ಇರೋದು ಭಾರತಕ್ಕೆ 2021ರ ಫೆಬ್ರವರಿಯಲ್ಲಿ ಬಂದ ಮೊದಲ ಮಾದರಿಯ ಪಿಎಸ್5. ಅದರ ಮುಂಭಾಗದಲ್ಲಿ ಎರಡು ಪೋರ್ಟ್ ಇವೆ. ಚಿಕ್ಕ ಟೈಪ್-ಸಿ ಪೋರ್ಟ್ ವೇಗದ್ದು. ಪಕ್ಕದ ಅಗಲವಾದ ಟೈಪ್-ಎ ಪೋರ್ಟ್ ಹಳೆಯ ಯುಎಸ್‌ಬಿ 2.0 ವೇಗದ್ದು, ಅಂದ್ರೆ ಸೆಕೆಂಡಿಗೆ 480 ಮೆಗಾಬಿಟ್. ಕಂಟ್ರೋಲರ್ ಚಾರ್ಜ್ ಮಾಡೋಕೆ, ಕೀಬೋರ್ಡ್ ಹಾಕೋಕೆ ಅದು ಸಾಕು. ಗೇಮ್ ಇಡುವ ಡಿಸ್ಕ್‌ಗೆ ಪಿಎಸ್5 ಕೇಳೋದು ಕನಿಷ್ಠ 5 ಗಿಗಾಬಿಟ್ ವೇಗದ ಸಂಪರ್ಕ, ಹತ್ತು ಪಟ್ಟಿಗಿಂತ ಜಾಸ್ತಿ. ಹಿಂಭಾಗದ ಎರಡೂ ಟೈಪ್-ಎ ಪೋರ್ಟ್‌ಗಳು ಅಂಥವು. 2023ರ ಕೊನೆಗೆ ಬಂದ ತೆಳು ಮಾದರಿಯಲ್ಲಿ ಮುಂದೆ ಎರಡೂ ಟೈಪ್-ಸಿ. ನೋಡೋಕೆ ಒಂದೇ ಥರ ಇದ್ದರೂ ಅವುಗಳಲ್ಲಿ ಒಂದು ಮಾತ್ರ ವೇಗದ್ದು. ಹಾಗಾಗಿ ಯಾವ ಮಾದರಿಯಾದರೂ ಡಿಸ್ಕ್‌ಗೆ ಹಿಂಭಾಗವೇ ಸರಿ. ನಡುವೆ ಯುಎಸ್‌ಬಿ ಹಬ್ ಇರಬಾರದು, ನೇರವಾಗಿ ಕನ್ಸೋಲ್‌ಗೇ ಹಾಕಬೇಕು. ಗೇಮ್ ಇಡೋಕೆ ಒಂದು ಸಲಕ್ಕೆ ಒಂದೇ ಯುಎಸ್‌ಬಿ ಡಿಸ್ಕ್ ಬಳಸಬಹುದು.

ಹಿಂದೆ ಹಾಕಿಸಿದೆ. ಆದ್ರೂ ಆಗಲಿಲ್ಲ.

ಈಗ ಕೇಬಲ್ ಸರದಿ. ಇದರ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಬಹಳ ಜನ ಇದನ್ನು ನೋಡೋದೇ ಇಲ್ಲ. ಅಂಗೈ ಅಗಲದ ಪೋರ್ಟಬಲ್ ಹಾರ್ಡ್ ಡಿಸ್ಕ್ ನಿಮ್ಮಲ್ಲಿದ್ದರೆ ಅದರ ಬಾಯಿ ನೋಡಿ. ಅನೇಕ ಡಿಸ್ಕ್‌ಗಳಲ್ಲಿ ಅದು ಅಗಲವಾಗಿ, ಎರಡು ಭಾಗ ಸೇರಿಸಿ ಹೊಲಿದ ಹಾಗೆ ಇರುತ್ತದೆ. ದೊಡ್ಡ ಭಾಗದ ಆಕಾರ ಹಳೆಯ ಮೊಬೈಲ್ ಚಾರ್ಜರ್‌ನ ಮೈಕ್ರೊ ಯುಎಸ್‌ಬಿಯದ್ದೇ. ಪಕ್ಕದ ಚಿಕ್ಕ ಭಾಗದಲ್ಲಿ ವೇಗದ ಸಂಪರ್ಕಕ್ಕೆ ಬೇಕಾದ ಇನ್ನೂ ಐದು ಪಿನ್ ಇರುತ್ತವೆ. ಮೊಬೈಲ್ ಚಾರ್ಜರ್ ಕೇಬಲನ್ನು ಆ ದೊಡ್ಡ ಭಾಗಕ್ಕೆ ಮಾತ್ರ ಚುಚ್ಚಿದರೂ ಅದು ಸರಿಯಾಗಿ ಕೂರುತ್ತದೆ. ಲೈಟ್ ಉರಿಯುತ್ತದೆ, ಡಿಸ್ಕ್ ತಿರುಗುತ್ತದೆ, ಲ್ಯಾಪ್‌ಟಾಪ್‌ನಲ್ಲಿ ಫೈಲ್ ಕೂಡ ತೆರೆಯುತ್ತದೆ. ಆದರೆ ಆ ಐದು ಪಿನ್‌ಗೆ ತಂತಿಯೇ ಇಲ್ಲ. ಹಾಗಾಗಿ ಡಿಸ್ಕ್ ಯುಎಸ್‌ಬಿ 2.0 ವೇಗದಲ್ಲಿ ಮಾತಾಡುತ್ತದೆ, ಲ್ಯಾಪ್‌ಟಾಪ್ ಅದನ್ನು ಸಹಿಸಿಕೊಳ್ಳುತ್ತದೆ, ಪಿಎಸ್5 ಸಹಿಸುವುದಿಲ್ಲ.

ಹುಡುಗ ಫೋಟೊ ಕಳಿಸಿದ. ನೋಡಿದರೆ ಹಾಗೇ ಇತ್ತು. ಡಿಸ್ಕ್ ಜೊತೆ ಬಂದ ಕೇಬಲ್ ಮನೆ ಬದಲಾಯಿಸುವಾಗ ಕಳೆದಿತ್ತು. ಅವರಪ್ಪನ ಹಳೆ ಫೋನಿನ ಕೇಬಲ್ ಹಾಕಿದ್ದ. ಟೈಪ್-ಸಿ ಬಾಯಿ ಇರುವ ಹೊಸ ಡಿಸ್ಕ್‌ಗಳಲ್ಲೂ ಇದೇ ಕತೆ ಆಗುತ್ತದೆ. ಫೋನ್ ಚಾರ್ಜ್ ಮಾಡುವ ಎಷ್ಟೋ ಟೈಪ್-ಸಿ ಕೇಬಲ್‌ಗಳ ಒಳಗೆ ವೇಗದ ತಂತಿಗಳು ಇರುವುದಿಲ್ಲ. ಹೊರಗಿನಿಂದ ನೋಡಿದರೆ ಗೊತ್ತೂ ಆಗುವುದಿಲ್ಲ.

ಗೊತ್ತು ಮಾಡಿಕೊಳ್ಳೋಕೆ ಒಂದು ಸುಲಭ ದಾರಿ ಇದೆ. ಅದೇ ಕೇಬಲ್‌ನಲ್ಲಿ ಡಿಸ್ಕನ್ನು ಲ್ಯಾಪ್‌ಟಾಪ್‌ನ ಯುಎಸ್‌ಬಿ 3 ಪೋರ್ಟ್‌ಗೆ ಹಾಕಿ, ನಾಲ್ಕೈದು ಜಿಬಿಯ ಒಂದೇ ಒಂದು ದೊಡ್ಡ ವಿಡಿಯೊ ಫೈಲ್ ನಕಲು ಮಾಡಿ. ವೇಗ ಸೆಕೆಂಡಿಗೆ 35–40 ಎಂಬಿ ಹತ್ತಿರವೇ ನಿಂತು, ಮೇಲೆ ಏರದಿದ್ದರೆ ಸಂಪರ್ಕ ಯುಎಸ್‌ಬಿ 2.0ರಲ್ಲಿದೆ. 100 ಎಂಬಿ ಆಸುಪಾಸು ಬಂದರೆ ಕೇಬಲ್ ಸರಿಯಿದೆ. ಸಣ್ಣ ಸಣ್ಣ ಫೈಲ್‌ಗಳಲ್ಲಿ ಈ ಪರೀಕ್ಷೆ ಮಾಡಬೇಡಿ, ಅವು ಯಾವ ಕೇಬಲ್‌ನಲ್ಲಾದರೂ ನಿಧಾನವೇ.

ಸರಿಯಾದ ಕೇಬಲ್ ಇದ್ದೂ ಡಿಸ್ಕ್ ಬಂದು ಬಂದು ಹೋಗ್ತಿದ್ರೆ, ಕಿವಿಗೊಟ್ಟು ಕೇಳಿ. ತಿರುಗಲು ಶುರು ಮಾಡಿ, ಟಿಕ್ ಅಂತ ನಿಂತು, ಮತ್ತೆ ಶುರು ಮಾಡಿದರೆ ಅದಕ್ಕೆ ಕರೆಂಟ್ ಸಾಲದೆ ಇರಬಹುದು. ತಿರುಗುವ ಹಾರ್ಡ್ ಡಿಸ್ಕ್ ಹೊರಡುವ ಆ ಒಂದೆರಡು ಸೆಕೆಂಡಿನಲ್ಲೇ ಅತಿ ಹೆಚ್ಚು ಕರೆಂಟ್ ಎಳೆಯೋದು. ತುಂಬ ಉದ್ದದ, ತೆಳ್ಳನೆಯ ಕೇಬಲ್ ಇದ್ದರೆ ಅಷ್ಟು ತಲುಪುವುದಿಲ್ಲ. ಗಿಡ್ಡ ಕೇಬಲ್ ಹಾಕಿ ನೋಡಿ. ಕಂಪ್ಯೂಟರ್‌ನಿಂದ ಬಿಚ್ಚಿದ ದೊಡ್ಡ 3.5 ಇಂಚಿನ ಡಿಸ್ಕನ್ನು ಡಬ್ಬಿಗೆ ಹಾಕಿ ಬಳಸುವವರಿದ್ದಾರೆ. ಅದಕ್ಕಂತೂ ಬೇರೆ ಅಡಾಪ್ಟರ್ ಬೇಕೇ ಬೇಕು.

ಎರಡು ದಿನ ಬಿಟ್ಟು ಹುಡುಗ ಅಗಲ ಬಾಯಿಯ ಕೇಬಲ್ ತಂದ. ಹಾಕಿದ. ಈ ಸಲ ಪಿಎಸ್5 ಡಿಸ್ಕನ್ನು ಗುರುತಿಸಿ, ಫಾರ್ಮ್ಯಾಟ್ ಮಾಡಲೇ ಅಂತ ಕೇಳಿತು. ಅವನು ಖುಷಿಯಲ್ಲಿ ಒತ್ತುವುದರಲ್ಲಿದ್ದ. "ತಡಿ, ಆ ಡಿಸ್ಕ್‌ನಲ್ಲಿ ಏನಿದೆ?" ಅಂದೆ. ಅಕ್ಕನ ಮನೆಯ ಗೃಹಪ್ರವೇಶದ ಫೋಟೊ, ಅಜ್ಜಿಯ ಎಂಬತ್ತರ ಶಾಂತಿಯ ವಿಡಿಯೊ, ಎಲ್ಲ ಅದರಲ್ಲೇ ಇತ್ತು. ಬೇರೆಲ್ಲೂ ಇರಲಿಲ್ಲ.

ದಯವಿಟ್ಟು ಇಲ್ಲಿ ನಿಲ್ಲಿ. ಪಿಎಸ್5 ಗೇಮ್ ಇಡುವ ಡಿಸ್ಕನ್ನು ತನ್ನದೇ ರೀತಿಯಲ್ಲಿ ಫಾರ್ಮ್ಯಾಟ್ ಮಾಡಿಕೊಳ್ಳುತ್ತದೆ. ಅದರಲ್ಲಿದ್ದದ್ದೆಲ್ಲ ಅಳಿಸಿಹೋಗುತ್ತದೆ. ಅರ್ಧ ಜಾಗ ಫೋಟೊಗೆ, ಅರ್ಧ ಗೇಮ್‌ಗೆ ಅಂತ ಹಂಚಿಕೊಳ್ಳಲು ಬರುವುದಿಲ್ಲ. ಅವನ ಡಿಸ್ಕ್ ಎಕ್ಸ್‌ಫ್ಯಾಟ್ ಅನ್ನುವ ಫಾರ್ಮ್ಯಾಟ್‌ನಲ್ಲಿತ್ತು. ಎಕ್ಸ್‌ಫ್ಯಾಟ್ ಮತ್ತು ಫ್ಯಾಟ್32 ಡಿಸ್ಕ್‌ಗಳನ್ನು ಪಿಎಸ್5 ಸಾದಾ ಯುಎಸ್‌ಬಿ ಡ್ರೈವ್ ಥರ ಓದುತ್ತದೆ, ವಿಡಿಯೊ ತೋರಿಸುತ್ತದೆ, ಸ್ಕ್ರೀನ್‌ಶಾಟ್ ನಕಲು ಮಾಡಿಕೊಡುತ್ತದೆ. ಆದರೆ ಆ ಸ್ಥಿತಿಯಲ್ಲಿ ಗೇಮ್ ಮಾತ್ರ ಇಡುವುದಿಲ್ಲ. "ಡಿಸ್ಕ್ ಕಾಣುತ್ತೆ, ಗೇಮ್ ಹೋಗಲ್ಲ" ಅನ್ನುವ ದೂರಿಗೆ ಇದೂ ಒಂದು ಕಾರಣ.

ಫೋಟೊಗಳನ್ನೆಲ್ಲ ಲ್ಯಾಪ್‌ಟಾಪ್‌ಗೆ ಇಳಿಸಿ, ನಾಲ್ಕಾರು ಫೈಲ್ ತೆರೆದು ನೋಡಿದ ಮೇಲೆ ಫಾರ್ಮ್ಯಾಟ್ ಮಾಡಿಸಿದೆ. ದಾರಿ ಹೀಗಿದೆ: Settings > Storage > USB Extended Storage > Format as USB Extended Storage. ಡಿಸ್ಕ್‌ನ ಗಾತ್ರ 250 ಜಿಬಿಯಿಂದ 8 ಟಿಬಿ ಒಳಗಿರಬೇಕು. 64 ಅಥವಾ 128 ಜಿಬಿ ಪೆನ್‌ಡ್ರೈವ್ ಇದಕ್ಕೆ ಆಗುವುದಿಲ್ಲ, ಅದು ಎಷ್ಟೇ ವೇಗದ್ದಾದರೂ.

ಒಮ್ಮೊಮ್ಮೆ ಎಲ್ಲ ಸರಿಯಿದ್ದರೂ ಫಾರ್ಮ್ಯಾಟ್ ಮುಗಿಯುವುದೇ ಇಲ್ಲ. ಡಿಸ್ಕ್‌ನಲ್ಲಿ ಹಳೆಯ ಪಾರ್ಟಿಷನ್‌ಗಳು ಉಳಿದಿದ್ದರೆ ಹೀಗಾಗಬಹುದು, ಉದಾಹರಣೆಗೆ ಅದು ಹಿಂದೆ ಲ್ಯಾಪ್‌ಟಾಪ್‌ನೊಳಗೆ ವಿಂಡೋಸ್ ಇಟ್ಟುಕೊಂಡಿದ್ದ ಡಿಸ್ಕ್ ಆಗಿದ್ದರೆ. ಆಗ ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟನ್ನು ಅಡ್ಮಿನ್ ಆಗಿ ತೆರೆದು ಪಾರ್ಟಿಷನ್‌ಗಳನ್ನು ಒರೆಸಿಬಿಡಬಹುದು.

```
diskpart
list disk
select disk 2
clean
```

ಇಲ್ಲಿ 2 ಅನ್ನೋದು ಉದಾಹರಣೆ ಅಷ್ಟೇ. `list disk` ತೋರಿಸುವ ಪಟ್ಟಿಯಲ್ಲಿ ಗಾತ್ರ ನೋಡಿ ನಿಮ್ಮ ಡಿಸ್ಕ್‌ನ ಸಂಖ್ಯೆ ಹುಡುಕಬೇಕು. 1 ಟಿಬಿ ಡಿಸ್ಕ್ ಅಲ್ಲಿ 931 ಜಿಬಿ ಅಂತ ಕಾಣುತ್ತದೆ. ಲ್ಯಾಪ್‌ಟಾಪ್‌ನ ಸ್ವಂತ ಡಿಸ್ಕ್ ಕೂಡ ಅಷ್ಟೇ ಗಾತ್ರದ್ದಾಗಿದ್ದರೆ ಗೊಂದಲ ಆಗುತ್ತದೆ. ಆಗ ಹೊರಗಿನ ಡಿಸ್ಕ್ ತೆಗೆದು ಒಂದು ಸಲ, ಹಾಕಿ ಒಂದು ಸಲ ಪಟ್ಟಿ ನೋಡಿ. ಹೊಸದಾಗಿ ಬಂದ ಸಾಲೇ ನಿಮ್ಮದು. `clean` ಮತ್ತೊಮ್ಮೆ ಕೇಳುವುದಿಲ್ಲ, ಎಂಟರ್ ಒತ್ತಿದ ತಕ್ಷಣ ಒರೆಸುತ್ತದೆ. ಕೈ ನಡುಗುತ್ತಿದ್ದರೆ ಗೊತ್ತಿರುವವರನ್ನು ಪಕ್ಕ ಕೂರಿಸಿಕೊಳ್ಳಿ.

ಇದಕ್ಕೆ ಉಲ್ಟಾ ಆಗುವ ಒಂದು ಅಪಾಯವೂ ಇದೆ. ಪಿಎಸ್5 ಫಾರ್ಮ್ಯಾಟ್ ಮಾಡಿದ ಡಿಸ್ಕನ್ನು ಮನೆಯಲ್ಲಿ ಯಾರೋ ಗೊತ್ತಿಲ್ಲದೆ ವಿಂಡೋಸ್ ಲ್ಯಾಪ್‌ಟಾಪ್‌ಗೆ ಹಾಕುತ್ತಾರೆ. ವಿಂಡೋಸ್‌ಗೆ ಅದನ್ನು ಓದಲು ಬರುವುದಿಲ್ಲ. ಡಿಸ್ಕ್ ಸಿದ್ಧ ಮಾಡಲೇ, ಫಾರ್ಮ್ಯಾಟ್ ಮಾಡಲೇ ಅಂತ ಕೇಳಬಹುದು. ಒಪ್ಪಿಕೊಂಡರೆ ಗೇಮ್‌ಗಳೆಲ್ಲ ಹೋದವು. ಅಕ್ಕನ ಮನೆಯಲ್ಲಿ ಈಗ ಆ ಡಿಸ್ಕ್ ಮೇಲೆ ಒಂದು ಚೀಟಿ ಅಂಟಿಸಿದ್ದಾರೆ: "ಪಿಎಸ್5ಗೆ ಮಾತ್ರ."

ಇಲ್ಲಿಗೆ ಮೊದಲ ಪ್ರಶ್ನೆ ಮುಗಿಯಿತು. ಡಿಸ್ಕ್ ಬಂತು, ಹುಡುಗ ಜಿಟಿಎ 5ರ ಪಿಎಸ್4 ಆವೃತ್ತಿಯನ್ನು ಅದಕ್ಕೆ ಸಾಗಿಸಿ ಆಡಿದ. ಅದೇ ಉತ್ಸಾಹದಲ್ಲಿ ರ‍್ಯಾಚೆಟ್ ಅಂಡ್ ಕ್ಲ್ಯಾಂಕ್: ರಿಫ್ಟ್ ಅಪಾರ್ಟ್ ಅನ್ನೂ ಸಾಗಿಸಿದ. ರಾತ್ರಿ ಮತ್ತೆ ಫೋನ್. "ಮಾಮ, ಒಂದು ಓಡುತ್ತೆ, ಇನ್ನೊಂದು ಓಡಲ್ಲ. ಡಿಸ್ಕ್ ಅರ್ಧ ಹಾಳಾಗಿದೆಯಾ?"

ಇದು ಎರಡನೇ ಪ್ರಶ್ನೆ. ಇಲ್ಲಿ ಕೆಟ್ಟದ್ದು ಏನೂ ಇಲ್ಲ. ಪಿಎಸ್4 ಗೇಮ್‌ಗಳು ಯುಎಸ್‌ಬಿ ಡಿಸ್ಕ್‌ನಿಂದ ನೇರವಾಗಿ ಓಡುತ್ತವೆ. ಪಿಎಸ್5 ಗೇಮ್‌ಗಳನ್ನು ಅದರಲ್ಲಿ ಇಡಬಹುದು, ಆಡಲು ಬರುವುದಿಲ್ಲ. ಇಡುವ ಸೌಲಭ್ಯ ಕೂಡ 2021ರ ಏಪ್ರಿಲ್ ಅಪ್‌ಡೇಟ್‌ನಲ್ಲಿ ಬಂದದ್ದು, ಅದಕ್ಕೂ ಮೊದಲು ಅದೂ ಇರಲಿಲ್ಲ. ರಿಫ್ಟ್ ಅಪಾರ್ಟ್ ಪಿಎಸ್5ಗೆಂದೇ ಮಾಡಿದ ಗೇಮ್.

ಯಾಕೆ ಹೀಗೆ? ಪಿಎಸ್5 ಒಳಗಿರುವುದು ಎಸ್‌ಎಸ್‌ಡಿ, ಅಂದ್ರೆ ತಿರುಗುವ ಭಾಗವೇ ಇಲ್ಲದ ಡಿಸ್ಕ್. ಅದು ಸೆಕೆಂಡಿಗೆ 5.5 ಜಿಬಿ ಓದುತ್ತದೆ. ಪೋರ್ಟಬಲ್ ಹಾರ್ಡ್ ಡಿಸ್ಕ್ ಚೆನ್ನಾಗಿ ಓಡಿದರೆ 100 ಎಂಬಿಗಿಂತ ಸ್ವಲ್ಪ ಜಾಸ್ತಿ. ಐದು ಜಿಬಿ ಮಾಹಿತಿ ಬೇಕಾದರೆ ಒಳಗಿನದಕ್ಕೆ ಒಂದು ಸೆಕೆಂಡೂ ಬೇಡ, ಹೊರಗಿನದಕ್ಕೆ ಮುಕ್ಕಾಲು ನಿಮಿಷ ಹತ್ತಿರ ಬೇಕು. ರಿಫ್ಟ್ ಅಪಾರ್ಟ್‌ನಲ್ಲಿ ಆಟದ ನಡುವೆಯೇ ಒಂದು ಲೋಕದಿಂದ ಇನ್ನೊಂದು ಲೋಕಕ್ಕೆ ಕಣ್ಣು ಮುಚ್ಚಿ ತೆಗೆಯುವುದರೊಳಗೆ ಜಿಗಿಯುತ್ತೀರಿ, ಅಲ್ವಾ? ಆ ಹೊತ್ತಿನಲ್ಲಿ ಹೊಸ ಲೋಕದ ಚಿತ್ರ, ಸದ್ದು ಎಲ್ಲ ಎಸ್‌ಎಸ್‌ಡಿಯಿಂದ ಬರುತ್ತಿರುತ್ತವೆ. ಗೇಮ್ ಮಾಡಿದವರು ಆ ವೇಗ ಇದ್ದೇ ಇರುತ್ತದೆ ಅಂತ ನಂಬಿ ಬರೆದಿದ್ದಾರೆ. ಅದಕ್ಕೇ ಕನ್ಸೋಲ್ ಶುರುವಿನಲ್ಲೇ ಬೇಡ ಅನ್ನುತ್ತದೆ.

ಹೊರಗಿನದು ಎಸ್‌ಎಸ್‌ಡಿ ಆದರೂ ಈ ನಿಯಮ ಬದಲಾಗುವುದಿಲ್ಲ. ಎಂ.2 ಎಸ್‌ಎಸ್‌ಡಿ ಕೊಂಡು, ಅದನ್ನು ಯುಎಸ್‌ಬಿ ಡಬ್ಬಿಗೆ ಹಾಕಿ, ಪಿಎಸ್5 ಗೇಮ್ ಓಡುತ್ತದೆ ಅಂತ ಕಾಯುವವರನ್ನು ನೋಡಿ ನನಗೆ ನಿಜಕ್ಕೂ ಬೇಜಾರಾಗುತ್ತದೆ, ಏಕೆಂದರೆ ದುಡ್ಡು ಆಗಲೇ ಹೋಗಿರುತ್ತದೆ. ಯುಎಸ್‌ಬಿ ಮೂಲಕ ಬಂದರೆ ಅದು ಯುಎಸ್‌ಬಿ ಡಿಸ್ಕೇ. ಅದೇ ಎಸ್‌ಎಸ್‌ಡಿಯನ್ನು ಕನ್ಸೋಲ್‌ನ ಹೊದಿಕೆ ತೆಗೆದು ಒಳಗಿನ ಎಂ.2 ಜಾಗದಲ್ಲಿ ಕೂರಿಸಿದರೆ ಪಿಎಸ್5 ಗೇಮ್‌ಗಳು ಓಡುತ್ತವೆ. ಆದರೆ ಅದು ಪಿಸಿಐಇ ಜೆನ್ 4 ಮಾದರಿಯದ್ದಾಗಿರಬೇಕು, ಬಿಸಿ ಹೊರಹಾಕುವ ಹೀಟ್‌ಸಿಂಕ್ ಇರಬೇಕು. ಸೋನಿ ಹೇಳುವ ಓದುವ ವೇಗ ಸೆಕೆಂಡಿಗೆ 5,500 ಎಂಬಿ ಅಥವಾ ಅದಕ್ಕಿಂತ ಜಾಸ್ತಿ.

ಹಾಗಿದ್ದರೆ ಹೊರಗಿನ ಡಿಸ್ಕ್‌ನಿಂದ ಪಿಎಸ್5 ಗೇಮ್‌ಗೆ ಏನು ಪ್ರಯೋಜನ? ಇಂಟರ್‌ನೆಟ್ ನಿಧಾನ ಇರುವ ಊರಿನಲ್ಲಿ ಬಹಳ ಪ್ರಯೋಜನ ಇದೆ. 50 ಜಿಬಿಯ ಗೇಮನ್ನು ಅಳಿಸಿ ಮತ್ತೆ ಡೌನ್‌ಲೋಡ್ ಮಾಡಲು ರಾತ್ರಿಯಿಡೀ ಬೇಕಾಗಬಹುದು. ಡಿಸ್ಕ್‌ನಿಂದ ಒಳಗೆ ಸಾಗಿಸಲು ಸೆಕೆಂಡಿಗೆ 100 ಎಂಬಿ ಲೆಕ್ಕದಲ್ಲಿ ಎಂಟು ಹತ್ತು ನಿಮಿಷ ಸಾಕು. ಸಾಗಿಸಲು Settings > Storage > USB Extended Storage ಒಳಗೆ ಗೇಮ್‌ಗಳ ಪಟ್ಟಿಗೆ ಹೋಗಿ, Select Items to Move ಆರಿಸಿ. ಹುಡುಗನ ಕೈಲಿ ಹೀಗೇ ಮಾಡಿಸಿದೆ. ರಿಫ್ಟ್ ಅಪಾರ್ಟ್ ಒಳಗೆ ಬಂತು, ಓಡಿತು.

ಜೊತೆಗೆ Settings > Storage > Installation Location ನಲ್ಲಿ ಪಿಎಸ್4 ಗೇಮ್‌ಗಳ ಜಾಗವನ್ನು ಯುಎಸ್‌ಬಿ ಡಿಸ್ಕ್‌ಗೆ ಬದಲಾಯಿಸಿಕೊಂಡರೆ ಅವು ಮುಂದೆ ನೇರವಾಗಿ ಅಲ್ಲಿಗೇ ಇಳಿಯುತ್ತವೆ. ಒಳಗಿನ ಜಾಗ ಪಿಎಸ್5 ಗೇಮ್‌ಗಳಿಗೆ ಉಳಿಯುತ್ತದೆ. ಒಂದೇ ಗೇಮಿಗೆ ಪಿಎಸ್4 ಆವೃತ್ತಿ, ಪಿಎಸ್5 ಆವೃತ್ತಿ ಎರಡೂ ಇರುವಾಗ ಹುಷಾರಾಗಿರಿ. ಹೆಸರು, ಚಿತ್ರ ಒಂದೇ ಥರ ಇದ್ದರೂ ಡಿಸ್ಕ್‌ನಿಂದ ಓಡುವುದು ಪಿಎಸ್4 ಅಂತ ಬರೆದಿರುವುದು ಮಾತ್ರ.

ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಮತ್ತು ಎಸ್‌ನಲ್ಲೂ ತರ್ಕ ಇದೇ: ಹೊಸ ಕನ್ಸೋಲ್‌ಗೆಂದೇ ಸಿದ್ಧವಾದ ಗೇಮ್‌ಗಳು ಒಳಗಿನ ಎಸ್‌ಎಸ್‌ಡಿ ಅಥವಾ ಹಿಂದೆ ಚುಚ್ಚುವ ವಿಸ್ತರಣಾ ಕಾರ್ಡ್‌ನಿಂದ ಓಡುತ್ತವೆ, ಎಕ್ಸ್‌ಬಾಕ್ಸ್ ಒನ್ ಮತ್ತು ಅದಕ್ಕೂ ಹಳೆಯವು ಯುಎಸ್‌ಬಿಯಿಂದಲೂ ಓಡುತ್ತವೆ.

ಇನ್ನು ಪಿಎಸ್4 ಗೇಮೇ ಓಡದಿದ್ದರೆ? ಗೇಮ್ ಮೇಲೆ ಬೀಗದ ಗುರುತು ಇದೆಯಾ ನೋಡಿ. ಇದ್ದರೆ ಡಿಸ್ಕ್ ಬಿಟ್ಟುಬಿಡಿ, ಅದು ಹಕ್ಕಿನ ವಿಷಯ. ಗೇಮ್ ಕೊಂಡ ಅಕೌಂಟ್ ಆ ಕನ್ಸೋಲ್‌ನಲ್ಲಿ ಇಲ್ಲದಿರಬಹುದು, ಪಿಎಸ್ ಪ್ಲಸ್ ಚಂದಾದಲ್ಲಿ ಬಂದ ಗೇಮ್ ಆಗಿದ್ದು ಚಂದಾ ಮುಗಿದಿರಬಹುದು. Settings > Users and Accounts > Other ಒಳಗೆ Restore Licenses ಇದೆ, ಇಂಟರ್‌ನೆಟ್ ಇಟ್ಟುಕೊಂಡು ಒಮ್ಮೆ ಒತ್ತಿ. ಅಣ್ಣ ಕೊಂಡ ಗೇಮನ್ನು ತಂಗಿ ತನ್ನ ಅಕೌಂಟ್‌ನಿಂದ ಆಡಬೇಕಾದರೆ, ಅಣ್ಣನ ಅಕೌಂಟ್‌ನಲ್ಲಿ ಅಲ್ಲೇ ಇರುವ Console Sharing and Offline Play ಚಾಲೂ ಇರಬೇಕು. ಬ್ಲೂರೇ ಡಿಸ್ಕ್‌ನಿಂದ ಹಾಕಿದ ಗೇಮ್ ಆದರೆ, ಹಾರ್ಡ್ ಡಿಸ್ಕ್‌ನಲ್ಲಿ ಪೂರ್ತಿ ಇದ್ದರೂ ಆಡುವಾಗ ಆ ಬ್ಲೂರೇ ಕನ್ಸೋಲ್‌ನಲ್ಲಿ ಇರಲೇಬೇಕು.

ಬೀಗವೂ ಇಲ್ಲ, ಗೇಮ್ ಶುರುವಾಗಿ ಅರ್ಧಕ್ಕೇ ಬೀಳುತ್ತದೆ ಅಂದ್ರೆ ಕರೆಂಟ್ ನೆನಪಿಸಿಕೊಳ್ಳಿ. ನಮ್ಮ ಕಡೆ ಇದು ನಿಜವಾದ ಕಾರಣ. ಗೇಮ್ ಸಾಗಿಸುವಾಗಲೋ ಅಪ್‌ಡೇಟ್ ಆಗುವಾಗಲೋ ಕರೆಂಟ್ ಹೋದರೆ ಡಿಸ್ಕ್‌ನಲ್ಲಿ ಅರ್ಧಂಬರ್ಧ ಬರೆದದ್ದು ಉಳಿಯುತ್ತದೆ. ಕರೆಂಟ್ ಬಂದು ಆನ್ ಮಾಡಿದಾಗ ಕನ್ಸೋಲ್ ಡಿಸ್ಕನ್ನು ಪರೀಕ್ಷಿಸಿ, ತಾನೇ ರಿಪೇರಿ ಮಾಡಲು ನೋಡುತ್ತದೆ. ಆಗ ಡಿಸ್ಕ್ ಎಳೆಯಬೇಡಿ, ಎಷ್ಟು ಹೊತ್ತಾದರೂ ಕಾಯಿರಿ. ಆಮೇಲೂ ಒಂದೇ ಗೇಮ್ ಬೀಳುತ್ತಿದ್ದರೆ ಅದೊಂದನ್ನು ಅಳಿಸಿ ಮತ್ತೆ ಹಾಕಿ. ರೆಸ್ಟ್ ಮೋಡ್‌ನಲ್ಲಿದ್ದಾಗ ಡಿಸ್ಕ್ ಕಿತ್ತರೂ ಕರೆಂಟ್ ಹೋದಷ್ಟೇ ಕೆಟ್ಟದ್ದು. ತೆಗೆಯಬೇಕಾದರೆ ಕನ್ಸೋಲನ್ನು ಪೂರ್ತಿ ಆಫ್ ಮಾಡಿ ತೆಗೆಯಿರಿ.

ಎಲ್ಲ ಗೇಮ್‌ಗಳೂ ಬೀಳುತ್ತಿವೆ, ಸಾಗಿಸುವಾಗ ಪ್ರತಿ ಸಲ ಅದೇ ಜಾಗದಲ್ಲಿ ನಿಲ್ಲುತ್ತಿದೆ ಅಂದರೆ ಮಾತ್ರ ಡಿಸ್ಕ್ ಮೇಲೆ ಅನುಮಾನ ಪಡಬೇಕು. ವಿಂಡೋಸ್ ಲ್ಯಾಪ್‌ಟಾಪ್‌ಗೆ ಹಾಕಿ, ಫಾರ್ಮ್ಯಾಟ್ ಕೇಳಿದರೆ ರದ್ದು ಮಾಡಿ, CrystalDiskInfo ಅನ್ನುವ ಉಚಿತ ಸಾಫ್ಟ್‌ವೇರ್ ತೆರೆಯಿರಿ. ಡಿಸ್ಕ್‌ನ ಒಳಗಿನ ಮಾಹಿತಿ ಓದದಿದ್ದರೂ ಅದರ ಆರೋಗ್ಯ ತಿಳಿಯುತ್ತದೆ. ಹಳದಿ ಬಣ್ಣದಲ್ಲಿ Caution ಅಂತ ಬಂದು, Current Pending Sector Count ಸಾಲಿನಲ್ಲಿ ಸೊನ್ನೆ ಬಿಟ್ಟು ಬೇರೆ ಸಂಖ್ಯೆ ಇದ್ದರೆ, ಡಿಸ್ಕ್‌ನ ಕೆಲವು ಜಾಗಗಳು ಓದಲು ಬಾರದಂತಾಗಿವೆ. ಆಗ ಹೊಸ ಡಿಸ್ಕ್ ಕೊಳ್ಳಿ, ತಪ್ಪೇನಿಲ್ಲ.

ಹಾಗೆ ಡಿಸ್ಕ್ ಸತ್ತರೂ ಆಟದಲ್ಲಿ ನೀವು ಮುಂದೆ ಬಂದದ್ದು ಹೋಗುವುದಿಲ್ಲ. ಗೇಮ್ ಹೊರಗಿನ ಡಿಸ್ಕ್‌ನಲ್ಲಿದ್ದರೂ ಸೇವ್ ಆದದ್ದು ಕನ್ಸೋಲ್‌ನ ಒಳಗೇ ಇರುತ್ತದೆ. ಫಾರ್ಮ್ಯಾಟ್ ಮಾಡುವ ಮೊದಲು ಹುಡುಗ ಅತಿ ಹೆಚ್ಚು ಹೆದರಿದ್ದು ಅದಕ್ಕೇ, ಮೂರು ವರ್ಷದ ಜಿಟಿಎ ಹೋಗಿಬಿಡುತ್ತೆ ಅಂತ. ಜಿಟಿಎ ತೆರೆದಾಗ ಅವನು ಹಿಂದಿನ ವಾರ ನಿಲ್ಲಿಸಿದ್ದ ಜಾಗದಿಂದಲೇ ಶುರುವಾಯಿತು.